ವಾರದ ಶುಗರ್ ಇಂಜೆಕ್ಷನ್, ಹೊಟ್ಟೆ ತೊಳಸು, ಮುಂದಿರುವ ಆಪರೇಷನ್

ಪ್ರಶ್ನೆ ಕೇಳಿದವರು: ಅಪ್ಪನಿಗೆ 58 ವರ್ಷ, 80 ಕೆಜಿ ತೂಕ. ಶುಗರ್‌ಗೆ ಪ್ರತಿ ಭಾನುವಾರ ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಳ್ತಾರೆ. 0.25 ನಾಲ್ಕು ವಾರ ಆಯ್ತು, 0.5 ಮೂರು ವಾರ ಆಯ್ತು. ಬರುವ ಭಾನುವಾರ ನಾಲ್ಕನೆಯದು, ಅದರ ಮುಂದಿನ ಭಾನುವಾರದಿಂದ 1 ಮಿ.ಗ್ರಾಂ ಅಂತ ಚೀಟಿಯಲ್ಲಿದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ಮಾತ್ರೆಗಳೂ ಇವೆ. 0.5 ಆದಾಗಿನಿಂದ ಹೊಟ್ಟೆ ತೊಳಸ್ತದೆ, ಸಂಜೆಯಾದರೆ ತೇಗು, ಎರಡು ಸಲ ವಾಂತಿ ಆಗಿದೆ. ಇವತ್ತು ಶುಕ್ರವಾರ. ಇನ್ನು 18 ದಿನಕ್ಕೆ, ಮಂಗಳವಾರ ಬೆಳಿಗ್ಗೆ ಹರ್ನಿಯಾ ಆಪರೇಷನ್, ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡ್ತಾರಂತೆ. ರಾತ್ರಿ 12ರ ನಂತರ ಏನೂ ತಿನ್ನಬೇಡಿ ಅಂದಿದ್ದಾರೆ, ಇಂಜೆಕ್ಷನ್ ಬಗ್ಗೆ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಡೋಸ್ ಏರಿಸಬೇಕಾ, ನಿಲ್ಲಿಸಬೇಕಾ?

ಸದಸ್ಯ: ಇದು ಸುಲಭ. ಆಪರೇಷನ್‌ಗೆ ಮುಂಚೆ ಒಂದು ವಾರದ ಇಂಜೆಕ್ಷನ್ ಬಿಟ್ಟರೆ ಸಾಕು, ಹೊಟ್ಟೆ ಖಾಲಿ ಆಗಿರುತ್ತೆ. ಅರಿವಳಿಕೆ ತಜ್ಞರ ನಿಯಮವೇ ಅದು.

ಅರಿವಳಿಕೆ ವೈದ್ಯೆ: ನೀವು ಹೇಳಿದ್ದು ಅಮೆರಿಕದ ಅರಿವಳಿಕೆ ವೈದ್ಯರ ಸಂಘ 2023ರ ಜೂನ್‌ನಲ್ಲಿ ಕೊಟ್ಟ ಸಲಹೆ. 2024ರ ಅಕ್ಟೋಬರ್‌ನಲ್ಲಿ ಅದೇ ಸಂಘ ಬೇರೆ ಸಂಘಗಳ ಜೊತೆ ಸೇರಿ ಅದನ್ನು ಬದಲಾಯಿಸಿತು. ಹೆಚ್ಚಿನವರು ಔಷಧಿ ಮುಂದುವರಿಸಬಹುದು, ಆದರೆ ಯಾರಿಗೆ ಅಪಾಯ ಹೆಚ್ಚು ಅಂತ ಒಬ್ಬೊಬ್ಬರನ್ನೇ ನೋಡಿ ತೀರ್ಮಾನಿಸಬೇಕು ಅನ್ನುವುದು ಈಗಿನ ಮಾತು.

"ಹೊಟ್ಟೆ ಖಾಲಿ ಆಗಿರುತ್ತೆ" ಅನ್ನುವುದಂತೂ ಲೆಕ್ಕಕ್ಕೆ ಸಿಗುವುದಿಲ್ಲ. ಸೆಮಾಗ್ಲುಟೈಡ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಇವತ್ತಿನಿಂದ ಮೂರನೆಯ ಭಾನುವಾರದ, ಅಂದರೆ ಆಪರೇಷನ್‌ಗೆ ಎರಡು ದಿನ ಮುಂಚಿನ ಇಂಜೆಕ್ಷನ್ ಬಿಟ್ಟರೆ ಮಂಗಳವಾರಕ್ಕೆ ಹಿಂದಿನ ಡೋಸ್ ಆಗಿ 9 ದಿನ. ಆಗಲೂ ಐದರಲ್ಲಿ ಎರಡು ಪಾಲು ಔಷಧಿ ಮೈಯಲ್ಲೇ ಇರುತ್ತದೆ. ಪೂರ್ತಿ ಹೋಗಲು ಐದು ವಾರ ಹಿಡಿಯುತ್ತದೆ. ಅಷ್ಟು ದಿನ ನಿಲ್ಲಿಸಿದರೆ ಶುಗರ್ ಏರಿ, ಅದೇ ಕಾರಣಕ್ಕೆ ಗಾಯ ಮಾಯುವುದು ಕಷ್ಟವಾಗುತ್ತದೆ.

ನಮ್ಮ ಹೆದರಿಕೆ ಒಂದೇ. ಪ್ರಜ್ಞೆ ತಪ್ಪಿಸಿದಾಗ ಕೆಮ್ಮುವ, ನುಂಗುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿ ಉಳಿದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಈ ಔಷಧಿ ಹೊಟ್ಟೆಯಿಂದ ಆಹಾರ ಕೆಳಗೆ ಜಾರುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ಎಂಟು ಗಂಟೆ ಉಪವಾಸ ಇದ್ದವರ ಹೊಟ್ಟೆಯಲ್ಲೂ ಹಿಂದಿನ ರಾತ್ರಿಯ ಊಟ ಹಾಗೇ ಕೂತಿರಬಹುದು. ನಿಮ್ಮ ತಂದೆಗೆ ಸಂಜೆ ಬರುವ ತೇಗು, ಹೊಟ್ಟೆ ತೊಳಸುವುದು, ವಾಂತಿ, ಇವೇ ಅದರ ಗುರುತು. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಔಷಧಿಯ ಹೆಸರು, ಡೋಸ್, ಕೊನೆಯ ಇಂಜೆಕ್ಷನ್ ದಿನ, ವಾಂತಿ ಆಗುತ್ತಿರುವುದು, ನಾಲ್ಕನ್ನೂ ಹೇಳಿ. "ಶುಗರ್ ಇಂಜೆಕ್ಷನ್" ಅಂತಷ್ಟೇ ಹೇಳಿದರೆ ಇನ್ಸುಲಿನ್ ಅಂದುಕೊಳ್ಳುತ್ತಾರೆ.

ಮಧುಮೇಹ ವೈದ್ಯ: ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ಈ ಪ್ರಕರಣದಲ್ಲಿ ನಿಲ್ಲಿಸುವುದಕ್ಕಿಂತ ಮೊದಲು ನೋಡಬೇಕಾದದ್ದು 1 ಮಿ.ಗ್ರಾಂಗೆ ಏರಿಸುವುದನ್ನು. ನನ್ನ ಅಭಿಪ್ರಾಯ ಸ್ಪಷ್ಟ: ಆಪರೇಷನ್ ಮುಗಿಯುವ ತನಕ ಏರಿಸಬಾರದು.

ಕಾರಣ ಇದು. ಒಂದೇ ಡೋಸ್‌ನಲ್ಲಿ ಕೆಲವು ವಾರ ನಿಂತರೆ ಹೊಟ್ಟೆ ಹೊಂದಿಕೊಂಡು, ನಿಧಾನಗತಿ ಸ್ವಲ್ಪ ಸಡಿಲವಾಗುತ್ತದೆ, ವಾಕರಿಕೆಯೂ ಇಳಿಯುತ್ತದೆ. ಡೋಸ್ ಏರಿಸಿದಾಗಲೆಲ್ಲ ಅದು ಮತ್ತೆ ಶುರುವಾಗುತ್ತದೆ. ಎರಡನೆಯ ಭಾನುವಾರ 1 ಮಿ.ಗ್ರಾಂ ಕೊಟ್ಟರೆ ಆಪರೇಷನ್‌ಗೆ 9 ದಿನ ಇರುವಾಗ ಹೊಸ ತೊಂದರೆ ತಂದುಕೊಂಡ ಹಾಗೆ. ಚೀಟಿಯಲ್ಲಿರುವ ನಾಲ್ಕು ವಾರ ಕನಿಷ್ಠ ಅವಧಿ. ನಾಲ್ಕು ವಾರ ಆಯಿತೆಂದು ಏರಿಸಲೇಬೇಕು ಅಂತಿಲ್ಲ. 0.25 ಬರೀ ಹೊಟ್ಟೆಯನ್ನು ಒಗ್ಗಿಸುವ ಡೋಸ್, ಅದರಿಂದ ಶುಗರ್ ಅಷ್ಟಾಗಿ ಇಳಿಯುವುದಿಲ್ಲ. 0.5 ಹಾಗಲ್ಲ, ಅದು ಶುಗರ್ ಇಳಿಸುವ ಡೋಸೇ. ಎಂಟು ವಾರ ಅಲ್ಲೇ ನಿಂತರೂ ನಷ್ಟವಿಲ್ಲ. ಏರಿಸುವುದು ಬೇಡ ಅಂತ ಚೀಟಿ ಬರೆದ ವೈದ್ಯರಿಂದಲೇ ತಿದ್ದಿಸಿಕೊಳ್ಳಿ.

ವಾಕರಿಕೆಗೆ ಈಗ ಮಾಡಬೇಕಾದದ್ದು: ಊಟದ ಪ್ರಮಾಣ ಅರ್ಧ ಮಾಡಿ, ದಿನಕ್ಕೆ ಉಣ್ಣುವ ಸಲ ಹೆಚ್ಚಿಸಿ. ಹೊಟ್ಟೆ ತುಂಬಿತು ಅನ್ನಿಸಿದ ಮೇಲಿನ ನಾಲ್ಕು ತುತ್ತೇ ಹೆಚ್ಚಿನವರಿಗೆ ವಾಂತಿ ತರಿಸುವುದು. ಜಿಡ್ಡಿನ ಊಟ ಹೊಟ್ಟೆಯಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ, ಅದೂ ಇಂಜೆಕ್ಷನ್ ಆದ ಮೊದಲ ಮೂರು ದಿನ ಬೇಡವೇ ಬೇಡ. ಉಂಡ ತಕ್ಷಣ ಮಲಗಬಾರದು. ನೀರನ್ನು ಊಟದ ಜೊತೆ ಒಟ್ಟಿಗೆ ಕುಡಿಯದೆ ದಿನವಿಡೀ ಗುಟುಕು ಗುಟುಕಾಗಿ ಕುಡಿಯಲಿ. ನೀರೂ ನಿಲ್ಲದಷ್ಟು ವಾಂತಿಯಾಗಿ ಮೂತ್ರ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ, ಆ ದಿನವೇ ವೈದ್ಯರನ್ನು ಕಾಣಬೇಕು. ಮೇಲ್ಹೊಟ್ಟೆ ನೋವು ಬೆನ್ನಿಗೆ ಹರಿದು ಬಿಡದೆ ಕಾಡಿದರೆ ಅದು ವಾಕರಿಕೆಯ ಲೆಕ್ಕದ್ದಲ್ಲ, ಮೇದೋಜೀರಕ ಗ್ರಂಥಿಯ ಊತ ಇರಬಹುದು. ತುರ್ತು ಚಿಕಿತ್ಸೆಗೆ ಹೋಗಿ, ಮುಂದಿನ ಇಂಜೆಕ್ಷನ್ ಹಾಕಬೇಡಿ.

ಇನ್ನೊಬ್ಬ ಸದಸ್ಯೆ: ನಾನೂ ಇದೇ ಔಷಧಿ ತಗೊಳ್ತೀನಿ. ನಾಳಿದ್ದು ಫಾಸ್ಟಿಂಗ್ ಶುಗರ್ ಟೆಸ್ಟ್ ಇದೆ. ಹಾಗಾದ್ರೆ ನಾನೂ ಇಂಜೆಕ್ಷನ್ ಬಿಡಬೇಕಾ?

ನರ್ಸ್: ಬೇಡ ಅಕ್ಕ. ರಕ್ತ ಪರೀಕ್ಷೆಗೆ ಪ್ರಜ್ಞೆ ತಪ್ಪಿಸುವುದಿಲ್ಲವಲ್ಲ. ಇಂಜೆಕ್ಷನ್ ಅದರ ದಿನಕ್ಕೇ ತಗೊಳ್ಳಿ. ಮಂಪರು ಬರಿಸಿ ಮಾಡುವ ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಆಪರೇಷನ್, ಇವಕ್ಕೆ ಮಾತ್ರ ಈ ಚರ್ಚೆ.

ಪ್ರಶ್ನೆ ಕೇಳಿದವರು: ಧನ್ಯವಾದ ಡಾಕ್ಟ್ರೇ. 0.5ರಲ್ಲೇ ಇದ್ದರೂ ಮೂರನೆಯ ಭಾನುವಾರ, ಅಂದರೆ ಆಪರೇಷನ್‌ಗೆ ಎರಡು ದಿನ ಮುಂಚಿನದು, ಹಾಕಬೇಕಾ ಬೇಡವಾ? ವಾಕರಿಕೆಗೆ ಆನ್‌ಡಾನ್ಸೆಟ್ರಾನ್ ಕೊಡಬಹುದಾ?

ಅರಿವಳಿಕೆ ವೈದ್ಯೆ: ನಾನಾದರೆ ಬಿಡಿ ಅನ್ನುತ್ತೇನೆ. ಇಂಜೆಕ್ಷನ್ ಆದ ಒಂದರಿಂದ ಮೂರು ದಿನದೊಳಗೆ ರಕ್ತದಲ್ಲಿ ಔಷಧಿ ಗರಿಷ್ಠ ಮಟ್ಟಕ್ಕೆ ಬರುತ್ತದೆ. ಭಾನುವಾರ ಹಾಕಿದರೆ ಮಂಗಳವಾರ ಸರಿಯಾಗಿ ಅದರ ಮೇಲೇ ಬೀಳುತ್ತದೆ.

ಆನ್‌ಡಾನ್ಸೆಟ್ರಾನ್ ವಾಕರಿಕೆಯನ್ನು ತಗ್ಗಿಸುತ್ತದೆಯೇ ಹೊರತು ಹೊಟ್ಟೆಯನ್ನು ಖಾಲಿ ಮಾಡುವುದಿಲ್ಲ. ವೈದ್ಯರು ಬರೆದುಕೊಟ್ಟರೆ ಕೊಡಿ. ಆದರೆ ಆಪರೇಷನ್ ದಿನ ಅದನ್ನು ನುಂಗಿ "ಈಗ ವಾಕರಿಕೆ ಇಲ್ಲ" ಅಂದರೆ ನಮಗೆ ದಾರಿ ತಪ್ಪುತ್ತದೆ. ನುಂಗಿದ್ದನ್ನೂ ಹೇಳಿ.

ಮಧುಮೇಹ ವೈದ್ಯ: ಇಲ್ಲಿ ನನ್ನದು ಸ್ವಲ್ಪ ಬೇರೆ. 0.5ರಲ್ಲೇ ನಿಂತು ಆ ಹೊತ್ತಿಗೆ ವಾಂತಿ, ತೇಗು ಎರಡೂ ನಿಂತಿದ್ದರೆ ಹಾಕಿದರೂ ತಪ್ಪಿಲ್ಲ ಅನ್ನುತ್ತೇನೆ. ನಿಲ್ಲದಿದ್ದರೆ ಬಿಡಿ. ಬಿಟ್ಟರೂ ಗಾಬರಿ ಬೇಡ. ಸೆಮಾಗ್ಲುಟೈಡ್‌ನಲ್ಲಿ ತಪ್ಪಿದ ಡೋಸನ್ನು 5 ದಿನದೊಳಗೆ ಹಾಕಿಕೊಳ್ಳಬಹುದು. ಮಂಗಳವಾರ ಆಪರೇಷನ್ ಆಗಿ, ಗುರುವಾರದ ಹೊತ್ತಿಗೆ ಸರಿಯಾಗಿ ಊಟ ಸೇರಿ ವಾಂತಿ ಇಲ್ಲದಿದ್ದರೆ ಶುಕ್ರವಾರದೊಳಗೆ ಹಾಕಬಹುದು. ಇನ್ನೂ ಊಟ ಸೇರುತ್ತಿಲ್ಲವೆಂದರೆ ಮುಂದಿನ ಭಾನುವಾರಕ್ಕೇ ಬಿಡಿ, ಒಂದು ವಾರ ತಪ್ಪಿದ್ದಕ್ಕೆ ಡೋಸ್ ಬದಲಾಗುವುದಿಲ್ಲ. ಎರಡಕ್ಕಿಂತ ಹೆಚ್ಚು ವಾರ ತಪ್ಪಿದರೆ ಮಾತ್ರ ಹಳೆಯ ಡೋಸ್ ನೇರ ಹಾಕದೆ ಕೇಳಿ. ಹೊಟ್ಟೆ ಮರೆತಿರುತ್ತದೆ, ಮತ್ತೆ ಕೆಳಗಿನಿಂದ ಏರಬೇಕಾಗಬಹುದು.

ನಿಮ್ಮ ಪ್ರಶ್ನೆಯಲ್ಲಿ ಇಂಜೆಕ್ಷನ್‌ಗಿಂತ ನನಗೆ ಹೆಚ್ಚು ಕಾಣಿಸಿದ್ದು ಡಾಪಾಗ್ಲಿಫ್ಲೋಜಿನ್. ಆಪರೇಷನ್‌ಗೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕು. ಮಂಗಳವಾರದ ಆಪರೇಷನ್‌ಗೆ ಶುಕ್ರವಾರದ್ದೇ ಕೊನೆಯ ಮಾತ್ರೆ, ಶನಿವಾರದಿಂದ ಬೇಡ. ಉಪವಾಸದ ಜೊತೆ ಅದು ಸೇರಿದರೆ ಶುಗರ್ 200 ದಾಟದೆಯೇ ರಕ್ತದಲ್ಲಿ ಕೀಟೋನ್ ತುಂಬಿ ಆಮ್ಲ ಏರಬಹುದು. ಶುಗರ್ ಮಾತ್ರ ನೋಡಿದರೆ ಸಿಕ್ಕುವುದೇ ಇಲ್ಲ. ಆಗಲೂ ವಾಂತಿ, ಹೊಟ್ಟೆ ನೋವು, ಏದುಸಿರು ಬರುವುದರಿಂದ ಮನೆಯವರು ಇಂಜೆಕ್ಷನ್‌ನ ವಾಕರಿಕೆ ಅಂದುಕೊಳ್ಳುವ ಅಪಾಯ ಇದೆ.

ಪ್ರಶ್ನೆ ಕೇಳಿದವರು: ರಾತ್ರಿ 12ರ ಉಪವಾಸ ಸಾಕಾ ಹಾಗಾದರೆ?

ಅರಿವಳಿಕೆ ವೈದ್ಯೆ: ಇವರಿಗೆ ಸಾಲದು. 24 ಗಂಟೆ ಮುಂಚೆಯೇ, ಅಂದರೆ ಸೋಮವಾರ ಬೆಳಿಗ್ಗೆಯಿಂದಲೇ ಗಟ್ಟಿ ಪದಾರ್ಥ ನಿಲ್ಲಿಸಿ ದ್ರವ ಮಾತ್ರ. ಹಾಲಿನಂಥ ಗಾಢ ದ್ರವ ರಾತ್ರಿಗೆ ಮುಗಿಯಲಿ, ಅದನ್ನು ನಾವು ಆಹಾರದ ಲೆಕ್ಕಕ್ಕೇ ಹಿಡಿಯುತ್ತೇವೆ. ಆಮೇಲೆ ತಿಳಿ ದ್ರವ, ಲೋಟದ ಆಚೆಯಿಂದ ಅಕ್ಷರ ಕಾಣುವಂಥದ್ದು. ಅದು ಆಪರೇಷನ್‌ಗೆ 2 ಗಂಟೆ ಮುಂಚಿನ ತನಕ ಸಾಮಾನ್ಯ ಮಿತಿ, ಆದರೆ ವಾಂತಿ ಇರುವವರಿಗೆ ಅಲ್ಲಿಯ ವೈದ್ಯರು ಬೇರೆ ಹೇಳಿದರೆ ಅದೇ ಅಂತಿಮ.

ದ್ರವ ಮಾತ್ರ ಇರುವ ಸೋಮವಾರ ಗ್ಲಿಮೆಪಿರೈಡ್ ಎಂದಿನಂತೆ ನುಂಗಿದರೆ ಶುಗರ್ ಕುಸಿಯಬಹುದು. ಸೋಮವಾರದ ಡೋಸ್ ಎಷ್ಟು ಕಡಿಮೆ ಅಥವಾ ಪೂರ್ತಿ ಬೇಡವಾ ಅಂತ ಮೊದಲೇ ಬರೆಸಿಕೊಳ್ಳಿ. ಮಂಗಳವಾರ ಬೆಳಿಗ್ಗೆ ಅದೂ ಬೇಡ, ಮೆಟ್‌ಫಾರ್ಮಿನ್ ಕೂಡ ಬೇಡ. ಸೋಮವಾರ ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್ ನೀರಲ್ಲಿ ಕದಡಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ನೋಡಿ. ಕೊನೆಯ 2 ಗಂಟೆಯಲ್ಲಿ ಕುಸಿದರೂ ಕೊಡಲೇಬೇಕು, ಕೊಟ್ಟು ನಮಗೆ ಹೇಳಿ. ಆಪರೇಷನ್ ಮುಂದೆ ಹೋದರೂ ಪರವಾಗಿಲ್ಲ.

ಮೂರನೆಯ ಸದಸ್ಯ: ನನ್ನದು ಇದೇ ಥರದ ವಾರದ ಇಂಜೆಕ್ಷನ್, ಟಿರ್ಜೆಪಟೈಡ್ 5 ಮಿ.ಗ್ರಾಂ. ಕೊಲೊನೋಸ್ಕೋಪಿಗೆ ಕೊಟ್ಟ ಭೇದಿ ದ್ರಾವಣವನ್ನು ಅರ್ಧಕ್ಕೇ ವಾಂತಿ ಮಾಡಿದೆ, ಪರೀಕ್ಷೆ ರದ್ದಾಯ್ತು. ಇದೇ ಕಾರಣವಾ?

ನರ್ಸ್: ಇರಬಹುದು. ಮುಂದಿನ ಸಲ ಅರ್ಧ ಹಿಂದಿನ ಸಂಜೆ, ಇನ್ನರ್ಧ ಬೆಳಗಿನ ಜಾವ, ಹೀಗೆ ಎರಡು ಪಾಲು ಮಾಡಿಕೊಡಿ ಅಂತ ಕೇಳಿ. ತಣ್ಣಗೆ, ನಿಧಾನವಾಗಿ ಕುಡಿಯಿರಿ. ಪರೀಕ್ಷೆ ಇರುವ ತಿಂಗಳಲ್ಲಿ 7.5ಕ್ಕೆ ಏರಿಸಿಕೊಳ್ಳಬೇಡಿ. ವಾಂತಿಯಾದರೆ ಎಷ್ಟು ಒಳಗೆ ಹೋಯ್ತು ಅಂತ ಫೋನ್ ಮಾಡಿ ಹೇಳಿ, ಸುಮ್ಮನೆ ಬಂದುಬಿಡಬೇಡಿ.

ಪ್ರಶ್ನೆ ಕೇಳಿದವರು: ಇಷ್ಟೆಲ್ಲ ಮಾಡಿಯೂ ಅವತ್ತು ಬೆಳಿಗ್ಗೆ ಹೊಟ್ಟೆ ತೊಳಸಿದರೆ?

ಅರಿವಳಿಕೆ ವೈದ್ಯೆ: ಮುಚ್ಚಿಡಬೇಡಿ. ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ನೋಡಬಹುದು, ಕೆಲವೇ ನಿಮಿಷದ ಕೆಲಸ. ಗಟ್ಟಿ ಪದಾರ್ಥ ಕಂಡರೆ, ಅಥವಾ ದ್ರವ ಕೆಜಿಗೆ 1.5 ಮಿ.ಲೀ. ದಾಟಿದರೆ, ನಿಮ್ಮ ತಂದೆಗೆ ಅದು 120 ಮಿ.ಲೀ., ಹೊಟ್ಟೆ ತುಂಬಿದೆ ಅಂತಲೇ ಲೆಕ್ಕ. ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡಿಲ್ಲದಿದ್ದರೆ ಮುಂದೂಡುವುದು ಒಳ್ಳೆಯದು. ಮಾಡಲೇಬೇಕಾದರೆ ಬೇಗ ಪ್ರಜ್ಞೆ ತಪ್ಪಿಸಿ, ತಕ್ಷಣ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ದಾರಿ ಭದ್ರಪಡಿಸುತ್ತೇವೆ. ಅಲ್ಟ್ರಾಸೌಂಡ್ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಇಲ್ಲದಿದ್ದರೆ ರೋಗಿಯ ಮಾತನ್ನೇ ನಂಬಿ ತೀರ್ಮಾನಿಸಬೇಕು.

ಮಧುಮೇಹ ವೈದ್ಯ: ಮೂರನೆಯ ಭಾನುವಾರದ ಡೋಸ್ ವಿಷಯಕ್ಕೆ ನಾವಿಬ್ಬರೂ ಒಪ್ಪಲಿಲ್ಲ, ನಿಮ್ಮ ಆಸ್ಪತ್ರೆಯ ಅರಿವಳಿಕೆ ವೈದ್ಯರ ಮಾತಿಗೇ ಬಿಡಿ. ಎರಡನೆಯ ಭಾನುವಾರ ಪೆನ್ ತೆಗೆಯುವಾಗ ಮಾತ್ರ ಮೇಲಿನ ಅಂಕಿ 0.5 ಇದೆಯಾ ನೋಡಿ. 1 ಮಿ.ಗ್ರಾಂ ಪೆನ್ ಈಗಾಗಲೇ ತಂದಿಟ್ಟಿದ್ದರೆ ಫ್ರಿಜ್‌ನಲ್ಲಿ ಬೇರೆ ಕಡೆ ಇಡಿ, ಫ್ರೀಜರ್‌ಗೆ ತಾಗಬಾರದು.