ಕೆರೆ ಏರಿಯ ಶಾಸನ: ೧೪೪ ಆದ ಮೇಲಿನ ಅಂಕಿ ಯಾವುದು?

ಏರಿಮನೆ: ನಮ್ಮೂರ ಕೆರೆ ಏರಿ ಪಕ್ಕದ ಕಲ್ಲಿನ ಫೋಟೋ ಹಾಕಿದ್ದೇನೆ. ಮೇಲೆ ಸೂರ್ಯ, ಚಂದ್ರ ಇದ್ದಾರೆ. ಕೆಳಗಿನ ಸಾಲಲ್ಲಿ ‘ಕೊಂದ’ ಅಂತ ಓದಲು ಬರುತ್ತದೆ. ಇದು ಯಾವ ಕಾಲದ್ದು, ಏನು ಬರೆದಿದೆ? ಊರಿನವರು ಪಕ್ಕದಲ್ಲೊಂದು ಬೋರ್ಡ್ ಹಾಕಿಸಬೇಕು ಅಂತಿದ್ದಾರೆ.

ತುಂಗಾತೀರ: ‘ಕೊಂದ’ ಅಂತ ಇದ್ದರೆ ವೀರಗಲ್ಲು. ಯಾರನ್ನೋ ಕೊಂದು ತಾನೂ ಸತ್ತ ವೀರನದ್ದು. ಸೂರ್ಯ ಚಂದ್ರ ವೀರಗಲ್ಲಲ್ಲೂ ಇರುತ್ತಾರೆ. ಮೊದಲ ಸಾಲಿನ ‘ಜಯಾಭ್ಯುದಯ ಶಾಲಿವಾಹನ ಶಕ ವರುಷ’ ನೋಡಿದರೆ ವಿಜಯನಗರ ಕಾಲ. ನಾಲ್ಕನೇ ಸಾಲಲ್ಲಿ ಕೃಷ್ಣದೇವರಾಯ ಅಂತಲೇ ಇದೆ. ಶಕ 1444, ಅಂದರೆ 1522. ಬೋರ್ಡ್ ಬರೆಸಿಬಿಡಿ.

ಶಾಸನದ ಮೇಷ್ಟ್ರು: ವಿಜಯನಗರ ಕಾಲ ಅನ್ನೋದು ಸರಿ. ವೀರಗಲ್ಲು ಅನ್ನೋದು ಮಾತ್ರ ಒಪ್ಪುವಂತಿಲ್ಲ. ಇದರಲ್ಲಿ ಹೋರಾಟದ ಶಿಲ್ಪ ಇಲ್ಲ, ಅಪ್ಸರೆಯರು ವೀರನನ್ನು ಕರೆದೊಯ್ಯುವ ಪಟ್ಟಿಕೆ ಇಲ್ಲ. ‘ಕೊಂದ’ದ ಹಿಂದೆ ಮುಂದೆ ನೋಡಿ. ‘ಗಂಗೆಯ ತಡಿಯಲಿ ಕಪಿಲೆಯ ಕೊಂದ ಪಾಪ’ ಅನ್ನೋ ಸಾಲು ಅದು, ಕಪಿಲೆ ಅಂದರೆ ಹಸು. ಈ ದಾನವನ್ನು ಕೆಡಿಸಿದವನು ಆ ಪಾಪಕ್ಕೆ ಹೋಗುತ್ತಾನೆ ಅನ್ನೋ ಶಾಪ. ದಾನಶಾಸನಗಳ ಕೊನೆಯಲ್ಲಿ ಇದು ಸಾಮಾನ್ಯ. ಹಾಗಾಗಿ ಇದು ದಾನದ ಕಲ್ಲು. ಯಾರಿಗೆ, ಏನು ಕೊಟ್ಟರು ಅನ್ನೋ ನಡುವಿನ ಸಾಲುಗಳು ಈ ಫೋಟೋದಲ್ಲಿ ನೆರಳಿಗೆ ಸಿಕ್ಕಿವೆ, ಅದನ್ನು ನಾನು ಮುಟ್ಟುವುದಿಲ್ಲ.

ಮೇಲಿನ ನಾಲ್ಕು ಸಾಲು ನನಗೆ ಕಂಡಷ್ಟು ಬರೆಯುತ್ತೇನೆ. ಚೌಕ ಕಂಸದಲ್ಲಿರೋದು ಅನುಮಾನದ ಅಕ್ಷರ. ಚುಕ್ಕಿ ಅಂದರೆ ಅಳಿಸಿಹೋದದ್ದು.

ಶ್ರೀ ಸ್ವಸ್ತಿ ಶ್ರೀ ಜಯಾಭ್ಯುದಯ ಶಾಲಿವಾಹನ ಶ
ಕ ವರುಷ ೧೪೪[೩] ನೆಯ [ವಿ] . . ಸಂವತ್ಸರದ ವ
ಯಿಶಾಖ ಶು ೧೫ . . ಶ್ರೀಮನುಮಹಾರಾಜಾಧಿ
ರಾಜ ರಾಜಪರಮೇಶ್ವರ ಶ್ರೀ ವೀರ . . . . . . . ರಾಯ

ತುಂಗಾತೀರ: ‘ವೀರ’ ಆದ ಮೇಲೆ ‘ಪ್ರತಾಪ ಕೃಷ್ಣದೇವ’ ಅಂತ ಹಾಕಿದರೆ ಜಾಗ ಸರಿಯಾಗಿ ತುಂಬುತ್ತದೆ, ಅಲ್ವಾ? 1509ರಿಂದ 1529ರವರೆಗೆ ಆಳಿದವರು ಅವರೇ.

ಶಾಸನದ ಮೇಷ್ಟ್ರು: ತುಂಬುತ್ತದೆ. ಆದರೆ ‘ಪ್ರತಾಪ’ ಬಿಟ್ಟರೆ ಇನ್ನೂ ಬೇರೆ ಹೆಸರು ತುಂಬಬಹುದು. ‘ವೀರಪ್ರತಾಪ’ ಬಿರುದು ಆ ಮನೆತನದ ಎಷ್ಟೋ ಅರಸರಿಗೆ ಇದೆ. ನೀವು ಹೆಸರನ್ನು ಕಲ್ಲಿನಿಂದ ಓದಿಲ್ಲ, ವರ್ಷದಿಂದ ತಂದಿದ್ದೀರಿ. ನಾಳೆ ಯಾರೋ ಅದೇ ಹೆಸರು ನೋಡಿ ವರ್ಷ ಖಚಿತ ಮಾಡುತ್ತಾರೆ. ಆಗ ಎರಡಕ್ಕೂ ಆಧಾರ ಇಲ್ಲದ ಹಾಗೆ ಆಗುತ್ತದೆ. ಓದಿನಲ್ಲಿ ಚುಕ್ಕಿ ಹಾಗೇ ಇರಲಿ. ಅರಸ ಯಾರಿರಬಹುದು ಅನ್ನೋದನ್ನು ಕೆಳಗೆ ಬೇರೆ ವಾಕ್ಯದಲ್ಲಿ ಹೇಳೋಣ.

ಈಗ ವರ್ಷ. ಕೊನೆಯ ಅಂಕಿಯ ಕೆಳಭಾಗ ಚಕ್ಕೆ ಎದ್ದಿದೆ. ಮೇಲೆ ಉಳಿದಿರೋ ಬಾಗು ೨ ಅಥವಾ ೩ರದ್ದು. ಇವೆರಡಕ್ಕೂ ವ್ಯತ್ಯಾಸ ಕೆಳಗಿನ ತಿರುವಲ್ಲಿ, ಹೋಗಿರೋದೂ ಅದೇ. ೪ರ ರೂಪವೇ ಬೇರೆ, ಅದು ಇಲ್ಲಿ ಕೂರುವುದು ಕಷ್ಟ. ಇದನ್ನು ಸಂವತ್ಸರದ ಜೊತೆ ಇಟ್ಟು ನೋಡಿ. ಶಕ 1442 ವಿಕ್ರಮ, 1443 ವಿಷು, 1444 ಚಿತ್ರಭಾನು.

ತುಂಗಾತೀರ: ಚ ಮತ್ತು ವ ಆ ಕಾಲದ ಬರಹದಲ್ಲಿ ಹತ್ತಿರ ಹತ್ತಿರ ಇರುತ್ತವೆ. ಸವೆದ ಕಲ್ಲಲ್ಲಿ ‘ಚಿ’ಯನ್ನು ‘ವಿ’ ಅಂತ ಓದಿರಬಹುದಲ್ಲ? ಹಾಗಾದರೆ ಚಿತ್ರಭಾನು, ನಾನು ಹೇಳಿದ 1444.

ಶಾಸನದ ಮೇಷ್ಟ್ರು: ಒಳ್ಳೆ ಪ್ರಶ್ನೆ, ಅದಕ್ಕೇ ‘ವಿ’ಗೂ ಕಂಸ ಹಾಕಿದ್ದೇನೆ. ಆದರೆ ‘ಚಿ’ ಆದ ಮೇಲೆ ತ್ರ, ಭಾ, ನು ಮೂರು ಅಕ್ಷರ ಬೇಕು. ಪಕ್ಕದ ‘ಸಂವತ್ಸರದ’ ಅನ್ನೋದರ ಅಕ್ಷರಗಳ ಅಗಲ ಅಳೆದರೆ ಇಲ್ಲಿ ಸುಮಾರು ಎರಡಕ್ಕೆ ಮಾತ್ರ ಜಾಗ. ವಿಕ್ರಮಕ್ಕೆ ಎರಡು ಬೇಕು, ವಿಷುಗೆ ಒಂದೇ. ಕಲ್ಲು ಕೆತ್ತುವವರು ಅಕ್ಷರವನ್ನು ಒಂದೇ ಅಗಲಕ್ಕೆ ಕೆತ್ತುತ್ತಿರಲಿಲ್ಲ. ಹಾಗಾಗಿ ಜಾಗದ ಲೆಕ್ಕದಿಂದ ಚಿತ್ರಭಾನು ಹಿಂದೆ ಬೀಳುತ್ತದೆ ಅಷ್ಟೆ, ಉಳಿದ ಎರಡರಲ್ಲಿ ಒಂದು ಗೆಲ್ಲುವುದಿಲ್ಲ.

ಅದಕ್ಕಿಂತ ಗಟ್ಟಿ ಗುರುತು ಒಂದಿದೆ. ‘ವಿ’ ಮುಂದಿನ ಅಕ್ಷರದ ಕೆಳಗೆ ಒಂದು ಗೀರು ಕಾಣುತ್ತದೆ. ಅದು ರಕಾರದ ಒತ್ತು ಆಗಿದ್ದರೆ ‘ಕ್ರ’, ಅಂದರೆ ವಿಕ್ರಮ. ವಿಷುವಿನಲ್ಲಿ ಒತ್ತೇ ಇಲ್ಲ. ಆದರೆ ಈ ಗೀರು ಬರೀ ಬಿರುಕೂ ಆಗಿರಬಹುದು. ಬಿರುಕು ಅಕ್ಷರದ ಲೆಕ್ಕ ಇಡುವುದಿಲ್ಲ, ಕೆಳಗಿನ ಸಾಲಿಗೂ ನುಗ್ಗಿರುತ್ತದೆ. ಉಳಿ ಹೊಡೆದ ಗೆರೆಗೆ ಎರಡೂ ಬದಿ ಅಂಚು ಇರುತ್ತದೆ, ಆಳ ಪಕ್ಕದ ಅಕ್ಷರದಷ್ಟೇ ಇರುತ್ತದೆ. ನಡು ಮಧ್ಯಾಹ್ನ ತೆಗೆದ ಈ ಫೋಟೋದಲ್ಲಿ ಅದು ತಿಳಿಯುವುದಿಲ್ಲ.

ಕೋಲಾರದವಳು: ಸರ್, ನಮ್ಮ ತೋಟದ ಹತ್ತಿರವೂ ಒಂದು ಕಲ್ಲಿದೆ. ಹಳೆಗನ್ನಡ ಅಂತಲೇ ಎಲ್ಲರೂ ಹೇಳುತ್ತಾ ಬಂದಿದ್ದರು. ಒಂದು ಅಕ್ಷರವೂ ಹತ್ತಲಿಲ್ಲ. ಆಮೇಲೆ ಗೊತ್ತಾಯಿತು, ಅದು ತಮಿಳು ಶಾಸನ. ಚೋಳರು ಆಳಿದ ಜಾಗ ಅಲ್ವಾ ನಮ್ಮದು. ಅದರ ಅಕ್ಷರ ಕಾಣಲಿ ಅಂತ ಹುಡುಗರು ಸೀಮೆಸುಣ್ಣ ತುಂಬಿದ್ದಾರೆ. ಏರಿಮನೆ ಅವರೂ ಹಾಗೆ ಮಾಡಿದರೆ ಒತ್ತು ಕಾಣಬಹುದಾ?

ಶಾಸನದ ಮೇಷ್ಟ್ರು: ದಯವಿಟ್ಟು ಬೇಡ ಅಮ್ಮ. ಸುಣ್ಣ ತುಂಬುವವರು ತಮಗೆ ಅಕ್ಷರ ಅನ್ನಿಸಿದ್ದಕ್ಕೆ ತುಂಬುತ್ತಾರೆ. ಬಿರುಕಿಗೂ ತುಂಬಿದರೆ ಅದು ಒತ್ತಿನ ಹಾಗೇ ಕಾಣುತ್ತದೆ. ಮುಂದೆ ನೋಡುವವರು ಅವರ ಊಹೆಯನ್ನು ಓದುತ್ತಾರೆ, ಕಲ್ಲನ್ನಲ್ಲ.

ಏರಿಮನೆ ಅವರೇ, ಕತ್ತಲಾದ ಮೇಲೆ ಹೋಗಿ. ಮೆತ್ತನೆ ಒಣ ಬ್ರಷ್‌ನಲ್ಲಿ ಧೂಳು ಮಾತ್ರ ತೆಗೆಯಿರಿ. ಪಾಚಿ ಕೆರೆಯಬೇಡಿ. ಫೋನ್ ನೇರ ಎದುರಿಗೆ ಅಲ್ಲಾಡದಂತೆ ಇಡಿ. ಇನ್ನೊಬ್ಬರು ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಿಂದ ಹಿಡಿಯಲಿ. ಎಡ, ಬಲ, ಮೇಲೆ, ಕೆಳಗೆ, ನಾಲ್ಕೂ ಕಡೆಯಿಂದ ಒಂದೊಂದು ಫೋಟೋ. ಎರಡನೇ ಮತ್ತು ಮೂರನೇ ಸಾಲಿನದ್ದು ಹತ್ತಿರದಿಂದ ಬೇರೆಯಾಗಿ ಬೇಕು.

ಏರಿಮನೆ: ಮೂರನೇ ಸಾಲು ಯಾಕೆ ಸರ್? ಅದರಲ್ಲಿ ತಿಥಿ ಓದಿದ್ದೀರಲ್ಲ.

ಶಾಸನದ ಮೇಷ್ಟ್ರು: ‘ಶು ೧೫’ ಆದ ಮೇಲೆ ಎರಡು ಅಕ್ಷರದ ಜಾಗ ಇದೆ. ಅಲ್ಲಿ ವಾರ ಇರಬೇಕು. ‘ಸೋ’ ಅಂತಲೋ ‘ಗು’ ಅಂತಲೋ ಮೊದಲ ಅಕ್ಷರ ಸಿಕ್ಕರೆ ಸಾಕು. ವೈಶಾಖ ಹುಣ್ಣಿಮೆ 1520ರಲ್ಲಿ ಯಾವ ವಾರ, 1521ರಲ್ಲಿ ಯಾವ ವಾರ ಅಂತ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕದಲ್ಲಿ ನೋಡಬಹುದು.

ತುಂಗಾತೀರ: ಗೀರು ಒತ್ತೇ ಅಂತಾದರೆ ವಾರ ಯಾಕೆ ಬೇಕು? ವಿಕ್ರಮ ಅಂದರೆ 1442, ಮುಗಿಯಿತು.

ಶಾಸನದ ಮೇಷ್ಟ್ರು: ಕೆಲವು ಶಾಸನಗಳು ಮುಗಿದ ವರ್ಷಗಳನ್ನು ಮಾತ್ರ ಎಣಿಸುತ್ತವೆ, ಕೆಲವು ನಡೆಯುತ್ತಿರುವ ವರ್ಷವನ್ನೂ ಸೇರಿಸುತ್ತವೆ. ಆ ಎರಡನೇ ಲೆಕ್ಕದಲ್ಲಿ ೧೪೪೩ ಅಂತ ಕೆತ್ತಿ ವಿಕ್ರಮ ಅಂತ ಹೆಸರು ಹಾಕಿರಲೂಬಹುದು. ಅಂಕಿಗೂ ಹೆಸರಿಗೂ ಒಂದು ವರ್ಷ ಹೆಚ್ಚು ಕಮ್ಮಿ ಬಂದರೆ ನಾನು ಜಾಸ್ತಿ ನಂಬುವುದು ಸಂವತ್ಸರದ ಹೆಸರನ್ನು. ವಾರವೂ ಹೊಂದಿದರೆ ಆಗ ಕಂಸ ತೆಗೆಯಬಹುದು.

ತುಂಗಾತೀರ: ನನಗೆ ಈಗಲೂ ಅದು ‘ಚಿ’ ಅನ್ನಿಸುತ್ತದೆ. ರಾತ್ರಿ ಫೋಟೋ ಬರಲಿ, ನೋಡೋಣ.

ಏರಿಮನೆ: ಹಾಗಾದರೆ ಬೋರ್ಡಿಗೆ ಏನು ಬರೆಸಲಿ? ಪೇಂಟರ್ ಕಾಯುತ್ತಿದ್ದಾರೆ.

ಶಾಸನದ ಮೇಷ್ಟ್ರು: ‘ವಿಜಯನಗರ ಕಾಲದ ದಾನಶಾಸನ. ಶಕ 1442–44ರ ನಡುವಿನದು, ಸುಮಾರು 1520–22. ಅರಸನ ಹೆಸರು ಅಳಿಸಿದೆ, ಕಾಲ ನೋಡಿದರೆ ಕೃಷ್ಣದೇವರಾಯ ಇರಬಹುದು.’ ಇಷ್ಟು ಬರೆಸಿ. ಆದರೆ ಬರೆಸುವ ಮೊದಲು ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗ ತೆಗೆದು ಊರಿನ ಹೆಸರು ಹುಡುಕಿ. ಅದನ್ನು ಮೊದಲು ಹೊರತಂದ ರೈಸ್ ಅವರ ಕಾಲದಲ್ಲೇ ಇದರ ಪಡಿಯಚ್ಚು ತೆಗೆದಿದ್ದರೆ ಆಗ ಈ ಚಕ್ಕೆ ಎದ್ದಿರಲಿಕ್ಕಿಲ್ಲ. ಅಂಕಿ ಅಲ್ಲಿ ಪೂರ್ತಿ ಸಿಗಬಹುದು.

ಏರಿಮನೆ: ತಾಲ್ಲೂಕು ಲೈಬ್ರರಿಯಲ್ಲಿ ಆ ಭಾಗ ಇದೆಯಂತೆ. ಸೋಮವಾರ ತೆಗೆಸಿಕೊಳ್ಳುತ್ತೇನೆ. ಪೇಂಟರ್‌ಗೆ ನಿಲ್ಲಿ ಅಂತ ಹೇಳಿದ್ದೇನೆ.