ಪಿಎಚ್ 6ರಲ್ಲಿ ಅಲನಿನ್ ನಿಂತಲ್ಲೇ ನಿಲ್ಲಬೇಕಿತ್ತು, 7 ಮಿ.ಮೀ. ಸರಿದಿದೆ. ಯಾಕೆ?

ನೇರಳೆಚುಕ್ಕೆ:
ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಪ್ರಾಜೆಕ್ಟ್‌ಗೆ ಪೇಪರ್ ಎಲೆಕ್ಟ್ರೋಫೊರೆಸಿಸ್ ಮಾಡುತ್ತಿದ್ದೇನೆ. ಫಿಲ್ಟರ್ ಪೇಪರ್ ಪಟ್ಟಿ, ಪಿಎಚ್ 6.0ರ ಫಾಸ್ಫೇಟ್ ಬಫರ್, 200 ವೋಲ್ಟ್. ಪಟ್ಟಿಯ ನಡುವೆ ಪೆನ್ಸಿಲ್ ಗೆರೆ ಎಳೆದು ಅದರ ಮೇಲೆ ಆಸ್ಪಾರ್ಟಿಕ್ ಆಸಿಡ್, ಅಲನಿನ್, ಲೈಸಿನ್ ಮೂರನ್ನೂ ಬೇರೆ ಬೇರೆಯಾಗಿ ಹಾಕಿದ್ದೆ. ಆಮೇಲೆ ಒಣಗಿಸಿ, ನಿನ್‌ಹೈಡ್ರಿನ್ ಸಿಂಪಡಿಸಿ, ಓವನ್‌ನಲ್ಲಿ ಬಿಸಿ ಮಾಡಿದೆ.

ಆಸ್ಪಾರ್ಟಿಕ್ ಪ್ಲಸ್ ಕಡೆಗೆ 38 ಮಿ.ಮೀ. ಹೋಗಿದೆ. ಲೈಸಿನ್ ಮೈನಸ್ ಕಡೆಗೆ 50. ಅಲನಿನ್ ಕೂಡ ಮೈನಸ್ ಕಡೆಗೆ 7 ಮಿ.ಮೀ. ಹೋಗಿದೆ! ಅದರ ಐಸೋಎಲೆಕ್ಟ್ರಿಕ್ ಪಾಯಿಂಟ್ 6.01 ಅಲ್ವಾ, ಗೆರೆ ಮೇಲೇ ಇರಬೇಕಿತ್ತು.

ಇನ್ನೊಂದು ಗೊಂದಲ. ಲೈಸಿನ್‌ನ ಮೂರು ಪಿಕೆಎ 2.18, 8.95, 10.53. ಮೂರರ ಸರಾಸರಿ 7.22 ಬಂತು. ಅಂದರೆ ಪಿಎಚ್ 6ಕ್ಕೆ ಹತ್ತಿರವೇ ಇದೆ, ಸ್ವಲ್ಪ ಮಾತ್ರ ಓಡಬೇಕು. ಅದು ನೋಡಿದರೆ ಎಲ್ಲಕ್ಕಿಂತ ಮುಂದೆ ಹೋಗಿದೆ.

ಮಂಡ್ಯದ_ಗೌಡ:
ಅಲನಿನ್‌ದು ಸುಲಭ. ಅದರ ಪಿಐ 6.01, ನಿಮ್ಮ ಬಫರ್ 6.00. ಬಫರ್ ಪಿಎಚ್ ಪಿಐಗಿಂತ ಕೆಳಗಿದ್ದರೆ ಪ್ಲಸ್ ಚಾರ್ಜ್ ಇರುತ್ತದೆ, ಮೈನಸ್ ಕಡೆ ಹೋಗುತ್ತದೆ. ನಿಮ್ಮ ಪಿಎಚ್ ಮೀಟರ್ 5.8 ಇದ್ದದ್ದನ್ನು 6 ಅಂತ ತೋರಿಸಿದ್ದರೆ ಇನ್ನೂ ಜಾಸ್ತಿ. ಮೊದಲು ಮೀಟರ್ ಕ್ಯಾಲಿಬ್ರೇಟ್ ಮಾಡಿ.

ಹಳೇಬೆಂಚು:
ಗೌಡರೇ, ದಿಕ್ಕು ಸರಿ, ಪ್ರಮಾಣ ಸರಿಯಿಲ್ಲ. ಲೆಕ್ಕ ಹಾಕಿ ನೋಡೋಣ.

ಅಲನಿನ್‌ನ ಆಸಿಡ್ ಗುಂಪಿನ ಪಿಕೆಎ 2.34, ಅಮೈನೋ ಗುಂಪಿನದು 9.69. ಪಿಎಚ್ 6ರಲ್ಲಿ ಪ್ರೋಟಾನ್ ಬಿಡದೆ ಉಳಿದ ಆಸಿಡ್ ಗುಂಪು 10,000ಕ್ಕೆ ಸುಮಾರು 2. ಪ್ರೋಟಾನ್ ಕಳಕೊಂಡ ಅಮೈನೋ ಗುಂಪೂ 10,000ಕ್ಕೆ ಸುಮಾರು 2. ಎರಡೂ ಹೆಚ್ಚುಕಡಿಮೆ ವಜಾ ಆಗುತ್ತವೆ. ಸರಿ, ಮೀಟರ್ ಕೆಟ್ಟಿದೆ, ಬಫರ್ ನಿಜವಾಗಿ 5 ಇತ್ತು ಅಂತಲೇ ಇಟ್ಟುಕೊಳ್ಳಿ. ಆಗಲೂ ಅಲನಿನ್‌ನ ಸರಾಸರಿ ಚಾರ್ಜ್ +0.002. ಪೂರ್ತಿ +1 ಇರುವ ಲೈಸಿನ್ 50 ಮಿ.ಮೀ. ಹೋದರೆ ಇದು 0.1 ಮಿ.ಮೀ. ಹೋಗಬೇಕು. ಅಷ್ಟು ದೂರ ಪೆನ್ಸಿಲ್ ಗೆರೆಯ ದಪ್ಪಕ್ಕೂ ಸಾಲದು.

ಪಿಐ ಅಂದರೆ ಸೂಜಿಮೊನೆಯಂಥ ಒಂದೇ ಜಾಗ ಅಂತ ಹುಡುಗರು ಅಂದುಕೊಳ್ಳುತ್ತಾರೆ. ಅಲನಿನ್, ಗ್ಲೈಸಿನ್, ಲ್ಯೂಸಿನ್ ಥರದವಕ್ಕೆ ಹಾಗಿಲ್ಲ. ಎರಡು ಪಿಕೆಎಗಳ ನಡುವೆ ಅಂತರ 7ಕ್ಕಿಂತ ಜಾಸ್ತಿ ಇರುವುದರಿಂದ ಪಿಎಚ್ 4.5ರಿಂದ 7.5ರವರೆಗೆ ಅವು ಹತ್ತಿರ ಹತ್ತಿರ ಸೊನ್ನೆಯಲ್ಲೇ ಇರುತ್ತವೆ.

ಹಾಗಾದರೆ 7 ಮಿ.ಮೀ. ಎಲ್ಲಿಂದ ಬಂತು? ಪೇಪರ್‌ನಿಂದ. ಸೆಲ್ಯುಲೋಸ್‌ನಲ್ಲಿ ಅಲ್ಲಲ್ಲಿ ಆಸಿಡ್ ಗುಂಪುಗಳಿವೆ, ಪಿಎಚ್ 6ರಲ್ಲಿ ಅವಕ್ಕೆ ಮೈನಸ್ ಚಾರ್ಜ್. ಅವನ್ನು ಸರಿದೂಗಿಸಲು ಪಕ್ಕದ ನೀರಿನಲ್ಲಿ ಪ್ಲಸ್ ಅಯಾನುಗಳು ಸೇರಿರುತ್ತವೆ. ಕರೆಂಟ್ ಕೊಟ್ಟಾಗ ಪೇಪರ್ ಅಲ್ಲಾಡುವಂತಿಲ್ಲ. ಈ ಪ್ಲಸ್ ಅಯಾನುಗಳು ಮಾತ್ರ ಮೈನಸ್ ಕಡೆ ಹೊರಡುತ್ತವೆ, ಹೊರಡುವಾಗ ನೀರನ್ನೂ ಎಳಕೊಂಡು ಹೋಗುತ್ತವೆ. ಇದಕ್ಕೆ ಎಲೆಕ್ಟ್ರೋಆಸ್ಮೋಸಿಸ್ ಅನ್ನುತ್ತಾರೆ. ಹೊಳೆಗೆ ಬಿದ್ದ ತೆಂಗಿನಕಾಯಿ ಈಜುವುದಿಲ್ಲ, ಆದರೂ ಊರು ದಾಟುತ್ತದೆ. ನಿಮ್ಮ ಅಲನಿನ್ ಕಥೆಯೂ ಅಷ್ಟೇ.

ಈ ಹರಿವು ಮೂರನ್ನೂ ಒಂದೇ ಸಮ ತಳ್ಳಿದೆ. ಆದ್ದರಿಂದ ಅಳತೆಯನ್ನು ಪೆನ್ಸಿಲ್ ಗೆರೆಯಿಂದಲ್ಲ, ಅಲನಿನ್ ಚುಕ್ಕೆಯಿಂದ ತೆಗೆದುಕೊಳ್ಳಿ. ಆಸ್ಪಾರ್ಟಿಕ್ 38+7=45, ಲೈಸಿನ್ 50−7=43. ಈಗ ನೋಡಿ, ಒಂದರದು ಸುಮಾರು −1, ಇನ್ನೊಂದರದು +1, ತೂಕವೂ 133 ಮತ್ತು 146. ದೂರ ಹೀಗೆ ಹತ್ತಿರ ಹತ್ತಿರ ಬರಲೇಬೇಕು.

ಜೆಲ್‌ಪ್ರಿಯೆ:
ನನ್ನದೂ ಇದೇ ಸಮಸ್ಯೆ ಅನಿಸುತ್ತಿದೆ. ನನ್ನ ಪ್ರೋಟೀನ್ ಪಿಐ 9.2, ಜೆಲ್ ಬಫರ್ 8.3. ಮೈನಸ್ ಕಡೆ ಹೋಗಬೇಕಿತ್ತು, ಆದರೆ ಎಸ್‌ಡಿಎಸ್ ಜೆಲ್‌ನಲ್ಲಿ ಸೀದಾ ಪ್ಲಸ್ ಕಡೆ ಇಳಿಯುತ್ತಿದೆ. ಇದೂ ಎಲೆಕ್ಟ್ರೋಆಸ್ಮೋಸಿಸ್ಸಾ?

ಹಳೇಬೆಂಚು:
ಅಲ್ಲಮ್ಮ, ಇದು ಬೇರೆ ಕೇಸು. ಎಸ್‌ಡಿಎಸ್‌ಗೆ ಮೈನಸ್ ಚಾರ್ಜ್ ಇದೆ, 1 ಗ್ರಾಂ ಪ್ರೋಟೀನ್‌ಗೆ ಸುಮಾರು 1.4 ಗ್ರಾಂನಷ್ಟು ಅಂಟಿಕೊಳ್ಳುತ್ತದೆ. ಅಷ್ಟು ಮೈನಸ್ ಮುಂದೆ ಪ್ರೋಟೀನ್‌ನ ಸ್ವಂತ ಚಾರ್ಜ್ ಲೆಕ್ಕಕ್ಕೇ ಬರುವುದಿಲ್ಲ. ಎಸ್‌ಡಿಎಸ್ ಇಲ್ಲದ ನೇಟಿವ್ ಜೆಲ್‌ನಲ್ಲಾದರೆ ನಿಮ್ಮ ಪ್ರೋಟೀನ್ ಬಾವಿಯಿಂದ ಕೆಳಗೆ ಇಳಿಯುವುದೇ ಇಲ್ಲ, ಮೇಲಿನ ಟ್ಯಾಂಕ್‌ಗೆ ಹೊರಟುಹೋಗುತ್ತದೆ.

ಈಗ ಲೈಸಿನ್. ಮೂರನ್ನೂ ಕೂಡಿಸಿ ಭಾಗಿಸಬೇಡಿ. ಪಿಎಚ್ ಕೆಳಗಿನಿಂದ ಏರಿಸುತ್ತಾ ಚಾರ್ಜ್ ಎಣಿಸಿ. ಶುರುವಿಗೆ +2. 2.18 ದಾಟಿದಾಗ +1. 8.95 ದಾಟಿದಾಗ 0. 10.53 ದಾಟಿದಾಗ −1. ಸೊನ್ನೆ ಚಾರ್ಜ್ ಇರುವ ರೂಪ ಯಾವ ಎರಡು ಪಿಕೆಎಗಳ ನಡುವೆ ಸಿಕ್ಕಿಕೊಂಡಿದೆಯೋ ಅವೆರಡರ ಸರಾಸರಿಯೇ ಪಿಐ. ಇಲ್ಲಿ 8.95 ಮತ್ತು 10.53, ಅಂದರೆ 9.74. ಆಸ್ಪಾರ್ಟಿಕ್ ಆಸಿಡ್ +1ರಿಂದ ಶುರು. 1.88 ದಾಟಿದರೆ 0, 3.65 ದಾಟಿದರೆ −1. ಅದರ ಪಿಐ 2.77. ಮೂರನೆಯ ಪಿಕೆಎ 9.60ಕ್ಕೆ ಇಲ್ಲಿ ಕೆಲಸವೇ ಇಲ್ಲ.

ಇನ್ನೊಂದು ಮಾತು. ಪಿಐನಿಂದ ಎಷ್ಟು ದೂರ ಇದ್ದೀರೋ ಅಷ್ಟು ವೇಗ ಅಂತಲೂ ಅಂದುಕೊಳ್ಳಬೇಡಿ. ಪಿಎಚ್ 5ರಲ್ಲೂ 6ರಲ್ಲೂ 7ರಲ್ಲೂ ಲೈಸಿನ್ ಚಾರ್ಜ್ ಹೆಚ್ಚುಕಡಿಮೆ +1 ಅಷ್ಟೇ. ಪಿಐ ದಿಕ್ಕು ಹೇಳುತ್ತದೆ. ವೇಗ ಬೇಕೆಂದರೆ ಆ ಪಿಎಚ್‌ನಲ್ಲಿ ಚಾರ್ಜ್ ಎಷ್ಟು ಅಂತ ಲೆಕ್ಕ ಹಾಕಲೇಬೇಕು.

ಮಂಡ್ಯದ_ಗೌಡ:
ಒಪ್ಪಿದೆ ಸರ್. ಆದರೆ ಎಲೆಕ್ಟ್ರೋಆಸ್ಮೋಸಿಸ್ಸೇ ಅಂತ ಹೇಗೆ ಗ್ಯಾರಂಟಿ? ಎರಡು ಟ್ಯಾಂಕ್‌ಗಳಲ್ಲಿ ಬಫರ್ ಮಟ್ಟ ಒಂದೇ ಇಲ್ಲದಿದ್ದರೂ ಪೇಪರ್ ಬತ್ತಿ ಥರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆಯುತ್ತದಲ್ಲ?

ಹಳೇಬೆಂಚು:
ಒಳ್ಳೇ ಪ್ರಶ್ನೆ. ವೈರ್ ಅದಲುಬದಲು ಮಾಡಿ, ಅಷ್ಟೇ ಹೊತ್ತು ಓಡಿಸಿ. ಟ್ಯಾಂಕ್ ಮುಟ್ಟಬೇಡಿ. ಎಲೆಕ್ಟ್ರೋಆಸ್ಮೋಸಿಸ್ ಆದರೆ ಅಲನಿನ್ ಹೊಸ ಮೈನಸ್ ಕಡೆಗೆ ಹೋಗುತ್ತದೆ. ಬರೀ ಮಟ್ಟದ ತೊಂದರೆ ಆದರೆ ಮೊದಲು ಹೋದ ದಿಕ್ಕಿಗೇ ಹೋಗುತ್ತದೆ. ಪವರ್ ಆಫ್ ಮಾಡಿ ವೈರ್ ಮುಟ್ಟಿ, 200 ವೋಲ್ಟ್ ಸುಮ್ನೆ ಅಲ್ಲ.

ನೇರಳೆಚುಕ್ಕೆ:
ಮಾಡಿದೆ ಸರ್. ಮೊದಲು ಮೈನಸ್ ಎಡಗಡೆ ಇತ್ತು, ಅಲನಿನ್ ಎಡಕ್ಕೆ 7. ಈಗ ಮೈನಸ್ ಬಲಗಡೆ, ಅಲನಿನ್ ಬಲಕ್ಕೆ ಹೋಗಿದೆ, ಆದರೆ 4 ಮಾತ್ರ. ಇನ್ನೊಂದು, ಲೈಸಿನ್ ಚುಕ್ಕೆ ಎರಡೂ ಸಲ ದುಂಡಗಿಲ್ಲ, ಹಿಂದೆ ಉದ್ದ ಬಾಲ ಇದೆ.

ಹಳೇಬೆಂಚು:
ಹಾಗಾದರೆ ಇಬ್ಬರೂ ಸರಿ. 7 ಮತ್ತು 4ರ ಸರಾಸರಿ 5.5 ಎಲೆಕ್ಟ್ರೋಆಸ್ಮೋಸಿಸ್‌ದು. ಉಳಿದ 1.5 ಯಾವಾಗಲೂ ಎಡಕ್ಕೆ ಎಳೆಯುತ್ತಿದೆ. ಬಲಗಡೆ ಟ್ಯಾಂಕ್‌ನಲ್ಲಿ ಬಫರ್ ಜಾಸ್ತಿ ಇರಬೇಕು, ಅಥವಾ ಟೇಬಲ್ಲೇ ವಾಲಿರಬಹುದು. ಮಟ್ಟ ಸರಿ ಮಾಡಿ. ಹಳೇ ಪಟ್ಟಿಯ ಲೆಕ್ಕ ಬದಲಾಗುವುದಿಲ್ಲ, ಅಲ್ಲಿ ಕಳೆಯಬೇಕಾದದ್ದು ಒಟ್ಟು 7ನ್ನೇ.

ಬಾಲ ಯಾಕೆ ಅಂತ ಇಲ್ಲಿಂದ ಹೇಳುವುದು ಕಷ್ಟ. ಪ್ಲಸ್ ಚಾರ್ಜ್ ಇರುವ ಲೈಸಿನ್ ಪೇಪರ್‌ನ ಮೈನಸ್ ಗುಂಪುಗಳಿಗೆ ಅಂಟುತ್ತಾ ಹೋಗಿರಬಹುದು. ಸ್ಯಾಂಪಲ್ ಜಾಸ್ತಿ ಹಾಕಿದ್ದರೂ ಬಾಲ ಬರುತ್ತದೆ. ಎಷ್ಟು ಹಾಕಿದ್ದೀರಿ?

ನೇರಳೆಚುಕ್ಕೆ:
ಕ್ಯಾಪಿಲರಿಯಲ್ಲಿ ಅಂದಾಜಿಗೆ ಹಾಕಿದ್ದು, ಅಳೆದಿಲ್ಲ. ಸೋಮವಾರ ಲ್ಯಾಬ್ ತೆರೆದ ಮೇಲೆ 2 ಮೈಕ್ರೋಲೀಟರ್ ಮತ್ತು ಅದರ ಕಾಲು ಭಾಗ ಪಕ್ಕಪಕ್ಕ ಹಾಕಿ ಫೋಟೋ ಹಾಕುತ್ತೇನೆ.

ಜೆಲ್‌ಪ್ರಿಯೆ:
ಸರ್, ನೇಟಿವ್ ಜೆಲ್‌ನಲ್ಲಿ ಪ್ಲಸ್ ಮೈನಸ್ ವೈರ್ ಅದಲುಬದಲು ಮಾಡಿದರೆ ನನ್ನ ಪ್ರೋಟೀನ್ ಕೆಳಗೆ ಇಳಿಯುತ್ತದಾ?

ಹಳೇಬೆಂಚು:
ಇಳಿಯುತ್ತದೆ. ಆದರೆ 8.3ರಲ್ಲಿ ಚಾರ್ಜ್ ಕಡಿಮೆ ಇರಬಹುದು, ನಿಧಾನ ಆಗುತ್ತದೆ. ಬಫರ್ ಪಿಎಚ್ ಕೆಳಗಿಳಿಸಿ, 5ರ ಆಸುಪಾಸು ಇಡಿ. ಬ್ರೋಮೋಫಿನಾಲ್ ಬ್ಲೂ ಹಾಕಬೇಡಿ, ಅದು ಮೈನಸ್ ಡೈ, ಉಲ್ಟಾ ದಿಕ್ಕಿಗೆ ಓಡುತ್ತದೆ. ಅದರ ಬದಲು ಮೆಥಿಲ್ ಗ್ರೀನ್ ಬಳಸಿ.