ಡೇಟ್ ದಾಟಿದ ಬಸುರಿ: ಡಾಕ್ಟರಮ್ಮನನ್ನು ಕೇಳಿ

ದೇಚಮ್ಮ, ವಿರಾಜಪೇಟೆ: ಮೇಡಂ, ತಂಗಿಗೆ 40 ವಾರ 5 ದಿನ. ನಿನ್ನೆ ಬಯೋಫಿಸಿಕಲ್ ಸ್ಕ್ಯಾನ್‌ನಲ್ಲಿ 8/10 ಬಂತು. ಮಗುವಿನ ಸುತ್ತಲಿನ ನೀರಿನ ಪಾಕೆಟ್ 1.6 ಸೆಂ.ಮೀ. ಅಂತ ಬರೆದಿದ್ದಾರೆ. ಎಂಟು ಅಂದ್ರೆ ಪಾಸ್ ಅಲ್ವಾ? ಮಳೆ ಬಿಡುವವರೆಗೆ ತೋಟದ ಮನೆಯಲ್ಲೇ ಇರಬಹುದಾ?

ಡಾಕ್ಟರ್: ಬೇಡ. ಇವತ್ತೇ ಹೊರಡಿ. ಎರಡು ಅಂಕ ಹೋಗಿರುವುದು ನೀರಿನಲ್ಲಿ. ಉಸಿರಾಟ, ಅಲುಗಾಟ, ಕೈಕಾಲು ಮಡಚಿ ಬಿಚ್ಚುವುದು, ಎನ್‌ಎಸ್‌ಟಿ ಅನ್ನುವ ಎದೆಬಡಿತದ ಗ್ರಾಫ್, ಈ ನಾಲ್ಕೂ ಮಗು ಆ ಹೊತ್ತಿಗೆ ಹೇಗಿತ್ತು ಅಂತ ಹೇಳುತ್ತವೆ. ನೀರು ಹಿಂದಿನ ಕೆಲವು ದಿನಗಳ ಕಥೆ ಹೇಳುತ್ತದೆ. ಆ ನೀರು ಬಹುಪಾಲು ಮಗುವಿನ ಮೂತ್ರವೇ. ಮಾಸು ಸೋತಾಗ ಮಗು ಮಿದುಳು, ಹೃದಯಕ್ಕೆ ಮೊದಲು ರಕ್ತ ಹರಿಸುತ್ತದೆ, ಮೂತ್ರಪಿಂಡಕ್ಕೆ ಕಮ್ಮಿ ಆಗುತ್ತದೆ. ಪಾಕೆಟ್ 2 ಸೆಂ.ಮೀ.ಗಿಂತ ಇಳಿದರೆ ಹೊಕ್ಕುಳಬಳ್ಳಿ ಒತ್ತಿಹೋಗುವ ಭಯ. ತಿಂಗಳು ತುಂಬಿರುವಾಗ ಇದಕ್ಕೆ ಕಾಯುವುದಿಲ್ಲ, ಹೆರಿಗೆ ಮಾಡಿಸುತ್ತೇವೆ. ನೀರು ಸೋರುತ್ತಿದೆಯಾ? ಒದೆತ ಹೇಗಿದೆ?

ದೇಚಮ್ಮ: ಸೋರಿಲ್ಲ. ತಿಂಡಿ ಆದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಿದಳು. ಎರಡು ಗಂಟೆಗೆ ಆರೇ. ಮೊದಲು ಅರ್ಧ ಗಂಟೆಗೇ ಹತ್ತು ಆಗ್ತಿತ್ತು.

ಡಾಕ್ಟರ್: ಫೋನ್ ಕೆಳಗಿಡಿ, ಗಾಡಿ ತೆಗೆಯಿರಿ. ದಾರಿಗೆ ಮರ ಬಿದ್ದರೆ ಆಮೇಲೆ ಕಷ್ಟ. ರಿಪೋರ್ಟ್ ಜೊತೆಗಿರಲಿ.

ಪುಷ್ಪಾ: ಗಾಬರಿ ಬೇಡ ಅಕ್ಕ, ಕೊನೆಗೆ ಮಗುವಿಗೆ ಜಾಗ ಇರಲ್ಲ, ಒದೆಯೋದು ಕಮ್ಮಿ ಆಗತ್ತೆ.

ಡಾಕ್ಟರ್: ಒದೆತ ಹೋಗಿ ಹೊರಳಾಟ ಆಗಬಹುದು. ಅಲುಗಾಟ ಕಮ್ಮಿ ಆಗಬಾರದು. ಇಂಥ ಸಮಾಧಾನ ಹೇಳಬೇಡಿ.

ಲಲಿತಾ: ಫಾರ್ವರ್ಡ್ ಬಂದಿದೆ: ಹರಳೆಣ್ಣೆ ಕುಡಿದರೆ ರಾತ್ರಿಯೇ ನೋವು!

ಡಾಕ್ಟರ್: ರಾತ್ರಿಯೇ ಭೇದಿ. ಸುಸ್ತಾದ ಹೆಂಗಸನ್ನು ನಾವು ನೋಡಿಕೊಳ್ಳಬೇಕು. ಅಳಿಸಿ ಅದನ್ನ.

ಪೊನ್ನಪ್ಪ: ನನ್ನ ಹೆಂಡತಿಗೆ 42 ವಾರ ದಾಟಿತ್ತು. ಮಗ ಈಗ ಹಾಕಿ ಆಡ್ತಾನೆ. ಈಗಿನವರಿಗೆ ಸಿಸೇರಿಯನ್ ಆತುರ ಅಷ್ಟೇ.

ಶಾಂತಿ: ಪೊನ್ನಪ್ಪಣ್ಣ, ಹೆತ್ತದ್ದು ನೀವಾ?

ಡಾಕ್ಟರ್: 41 ವಾರಕ್ಕೆ ನೋವು ಬರಿಸಿದರೆ, ಕಾಯುವವರಿಗಿಂತ ಸಿಸೇರಿಯನ್ ಜಾಸ್ತಿ ಆಗುವುದಿಲ್ಲ. ಅದಿರಲಿ, ನಿಮ್ಮ 42 ಯಾವ ಲೆಕ್ಕ? ಮೊದಲ ಮೂರು ತಿಂಗಳ ಸ್ಕ್ಯಾನ್ ಇತ್ತಾ?

ಪೊನ್ನಪ್ಪ: ಸ್ಕ್ಯಾನ್ ಯಾಕೆ? ಅವ್ವ ಲೆಕ್ಕ ಇಟ್ಟಿದ್ದರು.

ಶಾಂತಿ: ಮುಗೀತು!

ರಶೀದಾ, ಕುಶಾಲನಗರ: 40 ವಾರ 2 ದಿನ. ನೋವಿಲ್ಲ. ಏನು ಮಾಡಲಿ?

ಡಾಕ್ಟರ್: ಇದನ್ನೇ ಬೆಳಿಗ್ಗೆಯಿಂದ ಬರೀತಿದ್ದೇನೆ. ದಿನಾ ಎಣಿಸಿ. ಎರಡು ಗಂಟೆಗೆ ಹತ್ತು ಆಗದಿದ್ದರೆ ಆಸ್ಪತ್ರೆ. 41ಕ್ಕೆ ಅಡ್ಮಿಟ್ ಆಗುವ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಈಗಲೇ ಮಾತಾಡಿ.

ನೇತ್ರಾ: ಮೊದಲನೇದು ಸಿಸೇರಿಯನ್ ಆಗಿದ್ರೆ ನೋವು ಬರಿಸೋ ಜೆಲ್ ಇಡಬಹುದಾ ಮೇಡಂ?

ದೇಚಮ್ಮ: ಅಡ್ಮಿಟ್ ಆದ್ವಿ. ಗರ್ಭದ ಬಾಯಿ ಇನ್ನೂ ಬಿಟ್ಟಿಲ್ಲವಂತೆ, ಜೆಲ್ ಇಡ್ತಾರಂತೆ. ನೇರ ಸಿಸೇರಿಯನ್ ಕೇಳಲಾ?

ಡಾಕ್ಟರ್: ಎದೆಬಡಿತದ ಗ್ರಾಫ್ ಚೆನ್ನಾಗಿದ್ದರೆ ಜೆಲ್ ಇಡಲಿ. ಒಂದು ದಿನಕ್ಕಿಂತ ಜಾಸ್ತಿ ಹಿಡಿಯಬಹುದು. ನೋವು ಬಂದಾಗೆಲ್ಲ ಗ್ರಾಫ್ ಬೀಳುತ್ತಿದ್ದರೆ ಸಿಸೇರಿಯನ್. ಆಗ ವಾದ ಮಾಡಬೇಡಿ.

ಪೊನ್ನಪ್ಪ: ಹೇಳಲಿಲ್ವಾ ನಾನು?

ಶಾಂತಿ: ಅಡ್ಮಿನ್, ಇವರನ್ನು ತೆಗೀತೀರಾ?

ನೇತ್ರಾ: ಮೇಡಂ, ನನ್ನ ಪ್ರಶ್ನೆ ಮೇಲಿದೆ.